ಲಾಭ ಆರು ಲಕ್ಷ, ವಾರದ ಬಟವಾಡೆಗೆ ದುಡ್ಡಿಲ್ಲ: ಒಂದು ಹಾಳೆ ತಟ್ಟೆ ಘಟಕದ ಲೆಕ್ಕ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಅಡಿಕೆ ಹಾಳೆ ತಟ್ಟೆ ಘಟಕ ಇದೆ. ಹೋದ ವರ್ಷ 36 ಲಕ್ಷ ಇದ್ದ ವ್ಯಾಪಾರ ಈ ಮಾರ್ಚ್‌ಗೆ 48 ಲಕ್ಷ ಆಯ್ತು. ಆರು ಲಕ್ಷ ಲಾಭ ಅಂತ ಆಡಿಟರ್ ಹೇಳಿದ್ರು. ಆದ್ರೆ ಮಿತಿಯೊಳಗೆ ಬೇಕಾದಾಗ ಎಳೆಯೋ ಬ್ಯಾಂಕ್ ಸಾಲದ ಸಿಸಿ ಖಾತೆಯಲ್ಲಿ ಉಳಿದಿರೋದು 20 ಸಾವಿರ ಮಾತ್ರ, ಒಂದು ವಾರದ ಬಟವಾಡೆಗೂ ಸಾಲಲ್ಲ. ದುಡ್ಡು ಎಲ್ಲಿ ಹೋಯ್ತು? ಯಾರಾದ್ರೂ ಕೈಯಾಡಿಸ್ತಿದ್ದಾರಾ? ಬೆಂಗಳೂರಿನ ಹೋಲ್‌ಸೇಲ್ ವ್ಯಾಪಾರಿ ತಿಂಗಳಿಗೆ ಇನ್ನೂ 50 ಸಾವಿರ ತಟ್ಟೆ ಕೇಳ್ತಿದ್ದಾರೆ. ಒಪ್ಪಿಕೊಂಡ್ರೆ ಸರಿಹೋಗುತ್ತಾ? ಎರಡು ವರ್ಷದ ಬ್ಯಾಲೆನ್ಸ್ ಶೀಟ್ ಜೊತೆಗಿಟ್ಟಿದ್ದೀನಿ.

ಉತ್ತರ: ಯಾರೂ ಕೈಯಾಡಿಸಿದಂತೆ ಕಾಣುವುದಿಲ್ಲ. ದುಡ್ಡು ಎಲ್ಲಿ ಹೋಯಿತು ಎಂದು ನೀವು ಕಳಿಸಿದ ಕಾಗದದಲ್ಲೇ ಗೊತ್ತಾಗುತ್ತದೆ. ಹೋದ ವರ್ಷ ಏಪ್ರಿಲ್ 1ರಂದು ಖಾತೆಯಲ್ಲಿ ನಿಮ್ಮದೇ 2.4 ಲಕ್ಷ ಇತ್ತು. ಈ ಮಾರ್ಚ್ 31ಕ್ಕೆ ಅದು ತಿರುಗುಮುರುಗಾಗಿ, ಏಳು ಲಕ್ಷದ ಸಿಸಿ ಮಿತಿಯಲ್ಲಿ 6.8 ಲಕ್ಷ ಎಳೆದುಕೊಂಡಿದ್ದೀರಿ. ಅಂದರೆ ವರ್ಷದಲ್ಲಿ 9.2 ಲಕ್ಷ ಹೊರಗೆ ಹೋಗಿದೆ. ಆ 9.2 ಲಕ್ಷಕ್ಕೂ ಲೆಕ್ಕ ಸಿಗುತ್ತದೆ. ಕಳ್ಳತನ ಎನ್ನಲು ಈ ಲೆಕ್ಕದಲ್ಲಿ ಕಾರಣ ಕಾಣುವುದಿಲ್ಲ.

ಮೊದಲು ಆಡಿಟರ್ ಹೇಳಿದ ಆರು ಲಕ್ಷ ಹೇಗೆ ಬಂತು ನೋಡಿ. ಅವರ ಲೆಕ್ಕದಲ್ಲಿ ನೀವು ಬಿಲ್ ಬರೆದು ಲಾರಿಗೆ ಮಾಲು ಹಾಕಿದ ದಿನವೇ ವ್ಯಾಪಾರ ಆಯಿತು. ವ್ಯಾಪಾರಿ ದುಡ್ಡು ಕೊಟ್ಟನೋ ಇಲ್ಲವೋ ಎಂಬುದು ಲಾಭ ನಷ್ಟದ ಪಟ್ಟಿಯಲ್ಲಿ ಬರುವುದೇ ಇಲ್ಲ. ಖರ್ಚಿನ ಕಡೆಯೂ ಹಾಗೇ. ಕೊಂಡ ಹಾಳೆಯೆಲ್ಲ ಖರ್ಚಲ್ಲ, ಪ್ರೆಸ್ಸಿಗೆ ಹಾಕಿ ತಟ್ಟೆ ಮಾಡಿ ಮಾರಿದ ಹಾಳೆ ಮಾತ್ರ ಖರ್ಚು. ಇದು ತಪ್ಪಲ್ಲ. ವ್ಯವಹಾರ ಗಿಟ್ಟುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಿಮ್ಮ ತಟ್ಟೆಯ ಸರಾಸರಿ ಬೆಲೆ 4.80 ರೂಪಾಯಿ, ಅದರಲ್ಲಿ 60 ಪೈಸೆ ಉಳಿಯುತ್ತಿದೆ. ಘಟಕ ಗಟ್ಟಿಯಾಗೇ ಇದೆ. ಆದರೆ ಶನಿವಾರ ಬಟವಾಡೆಗೆ ದುಡ್ಡು ಇರುತ್ತದಾ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ.

ಈಗ ದುಡ್ಡನ್ನು ಹುಡುಕೋಣ. ಲಾಭ ಆರು ಲಕ್ಷ. ಅದಕ್ಕೆ ಯಂತ್ರದ ಸವಕಳಿ ಒಂದೂವರೆ ಲಕ್ಷ ಕೂಡಿಸಿ. ಅದು ಪುಸ್ತಕದಲ್ಲಿ ಕಳೆದ ಅಂಕಿ, ಯಾರ ಕೈಗೂ ಕೊಟ್ಟ ದುಡ್ಡಲ್ಲ. ಒಟ್ಟು ಏಳೂವರೆ ಲಕ್ಷ ನಿಮ್ಮ ಕೈಗೆ ಬರಬೇಕಿತ್ತು.

ಆ ಏಳೂವರೆ ಲಕ್ಷ ಇಡಿಯಾಗಿ ಒಂದೇ ಕಡೆ ನಿಂತಿದೆ. ವ್ಯಾಪಾರಿಗಳಿಂದ ಬರಬೇಕಾದ ಬಾಕಿ ಹೋದ ವರ್ಷದ ಕೊನೆಗೆ 4.5 ಲಕ್ಷ ಇತ್ತು, ಈ ವರ್ಷ 12 ಲಕ್ಷ. ವ್ಯಾಪಾರ ಜಾಸ್ತಿ ಆಯಿತು, ಬಾಕಿಯೂ ಜಾಸ್ತಿ ಆಯಿತು ಅಂತ ನಿಮಗೆ ಅನ್ನಿಸಬಹುದು. ಅದು ಪೂರ್ತಿ ಸರಿಯಲ್ಲ. ಹೋದ ವರ್ಷ ತಿಂಗಳಿಗೆ ಮೂರು ಲಕ್ಷ ವ್ಯಾಪಾರ, ಬಾಕಿ ನಾಲ್ಕೂವರೆ ಲಕ್ಷ. ಅಂದರೆ ಒಂದೂವರೆ ತಿಂಗಳ ಉದ್ರಿ. ಈ ವರ್ಷ ತಿಂಗಳಿಗೆ ನಾಲ್ಕು ಲಕ್ಷ ವ್ಯಾಪಾರ, ಬಾಕಿ 12 ಲಕ್ಷ. ಅಂದರೆ ಮೂರು ತಿಂಗಳ ಉದ್ರಿ. ಉದ್ರಿ ಹಿಂದಿನಂತೆ ಒಂದೂವರೆ ತಿಂಗಳಲ್ಲೇ ನಿಂತಿದ್ದರೆ ಈಗಿನ ವ್ಯಾಪಾರಕ್ಕೂ ಬಾಕಿ ಆರು ಲಕ್ಷ ಇರುತ್ತಿತ್ತು ಅಷ್ಟೆ. ಏರಿದ ಏಳೂವರೆ ಲಕ್ಷದಲ್ಲಿ ವ್ಯಾಪಾರ ಬೆಳೆದದ್ದರಿಂದ ಆದದ್ದು ಒಂದೂವರೆ ಲಕ್ಷ. ಮಿಕ್ಕ ಆರು ಲಕ್ಷ ವ್ಯಾಪಾರಿ ನಿಧಾನ ಮಾಡಿದ್ದರಿಂದ. ಹೊಸ ವ್ಯಾಪಾರಿಯನ್ನು ಹಿಡಿದ ಖುಷಿಯಲ್ಲಿ 90 ದಿನಕ್ಕೆ ಹೂಂ ಅಂದಿರಿ, ಅದನ್ನು ನೋಡಿ ಹಳಬರೂ ನಿಧಾನ ಮಾಡಿದರು. ಹೀಗಾಗುವುದು ಮಾಮೂಲು.

ಎರಡನೆಯದು ಹಾಳೆ. ಈ ವರ್ಷ 20 ಲಕ್ಷದ ಹಾಳೆ ಕೊಂಡಿದ್ದೀರಿ, ಬಳಸಿದ್ದು 16 ಲಕ್ಷದ್ದು. ನಾಲ್ಕು ಲಕ್ಷ ಗೋಡೌನಿನಲ್ಲಿ ಕೂತಿದೆ. ಮೊದಲಿದ್ದ ಆರೂ ಸೇರಿ ದಾಸ್ತಾನು ಹತ್ತು ಲಕ್ಷ. ಬೇರೆ ಊರಿನ ಸಲಹೆಗಾರರಾಗಿದ್ದರೆ ದಾಸ್ತಾನು ಕಡಿಮೆ ಮಾಡಿ ಅಂತ ಸುಮ್ನೆ ಹೇಳಿಬಿಡುತ್ತಿದ್ದರು. ಮಲೆನಾಡಿನಲ್ಲಿ ಅದು ಅಷ್ಟು ಸುಲಭ ಅಲ್ಲ ಅಲ್ವಾ. ಒಣ ಹಾಳೆ ಸಿಗುವುದು ಬೇಸಿಗೆಯಲ್ಲಿ. ಮಳೆ ಹಿಡಿದ ಮೇಲೆ ತೋಟದಲ್ಲಿ ಬಿದ್ದ ಹಾಳೆ ನೆಂದು ಬೂಷ್ಟು ಹಿಡಿಯುತ್ತದೆ, ತಟ್ಟೆಗೆ ಬರುವುದಿಲ್ಲ. ಹಾಗಾಗಿ ಮಳೆಗಾಲದ ಹಾಳೆಯನ್ನು ಬೇಸಿಗೆಯಲ್ಲೇ ಕೊಂಡು ಒಣಗಿಸಿ ಇಡಲೇಬೇಕು. ತೋಟದವರಿಗೆ ಉದ್ರಿ ಹೇಳುವಂತಿಲ್ಲ, ಹಾಳೆ ಕಟ್ಟು ಕೊಟ್ಟ ದಿನವೇ ದುಡ್ಡು ಎಣಿಸಬೇಕು.

ಒಂದು ಹಾಳೆಯ ಹಿಂದೆ ಹೋಗಿ ನೋಡಿ. ಫೆಬ್ರವರಿಯಲ್ಲಿ ನಗದು ಕೊಟ್ಟು ಕೊಂಡಿರಿ. ಆಗಸ್ಟ್‌ನಲ್ಲಿ ತೊಳೆದು ಪ್ರೆಸ್ಸಿಗೆ ಹಾಕಿದಿರಿ, ಆ ವಾರವೇ ಕೂಲಿ ಕೊಟ್ಟಿರಿ, ಗ್ಯಾಸು ಕರೆಂಟಿನ ಬಿಲ್ ಕಟ್ಟಿದಿರಿ. ಆಗಸ್ಟ್ ಕೊನೆಗೆ ಬಿಲ್ ಹಾಕಿದಿರಿ. ನವೆಂಬರ್ ಕೊನೆಗೆ ದುಡ್ಡು ಬಂತು. ಹಾಳೆಗೆ ಹಾಕಿದ ದುಡ್ಡು ಒಂಬತ್ತು ತಿಂಗಳ ಮೇಲೆ ಹೊರಗಿತ್ತು. ಆಡಿಟರ್ ಪುಸ್ತಕದಲ್ಲಿ ಮಾತ್ರ 60 ಪೈಸೆ ಲಾಭ ಆಗಸ್ಟ್‌ನಲ್ಲೇ ಬಂದಾಗಿದೆ.

ದಾಸ್ತಾನಿನ ವಿಷಯದಲ್ಲಿ ಇನ್ನೊಂದು ಮಾತಿದೆ. ವರ್ಷದ ಕೊನೆಯ ದಾಸ್ತಾನಿಗೆ ನೀವು ಎಷ್ಟು ಬೆಲೆ ಕಟ್ಟುತ್ತೀರೋ ಲಾಭ ಅಷ್ಟು ಏರುತ್ತದೆ. ಹತ್ತು ಲಕ್ಷದ ಹಾಳೆಯಲ್ಲಿ ಒಂದು ಲಕ್ಷದ್ದು ಕೆಟ್ಟಿದ್ದರೆ ನಿಮ್ಮ ನಿಜವಾದ ಲಾಭ ಆರಲ್ಲ, ಐದು. ಆಡಿಟರ್ ಗೋಡೌನಿಗೆ ಬಂದು ಕಟ್ಟು ಬಿಚ್ಚಿ ನೋಡುವುದಿಲ್ಲ, ನೀವು ಕೊಟ್ಟ ಪಟ್ಟಿಯನ್ನು ನಂಬುತ್ತಾರೆ. ಆದ್ದರಿಂದ ಈ ವಾರ ಒಬ್ಬರನ್ನು ಕರೆದುಕೊಂಡು ಹೋಗಿ ರಾಶಿಯ ತಳದ ಕಟ್ಟುಗಳನ್ನು, ಗೋಡೆಗೆ ತಾಗಿದವನ್ನು ಬಿಚ್ಚಿ ನೋಡಿ. ಕಪ್ಪು ಚುಕ್ಕೆ ಬಂದದ್ದು, ಮುಗ್ಗಲು ವಾಸನೆ ಬರುವುದು, ಬಗ್ಗಿಸಿದರೆ ಸೀಳುವುದು ಬೇರೆ ಇಡಿ. ಅದನ್ನು ದಾಸ್ತಾನು ಪಟ್ಟಿಯಿಂದ ಧೈರ್ಯವಾಗಿ ಹೊಡೆದುಹಾಕಿ.

ಬಾಕಿ ಏರಿದ್ದು 7.5, ಹಾಳೆ ಏರಿದ್ದು 4. ಎರಡೂ ಸೇರಿ 11.5 ಲಕ್ಷ. ನೀವೂ ಡಬ್ಬಿಯವನಿಗೆ, ಪ್ಯಾಕಿಂಗ್ ಅಂಗಡಿಗೆ ಹಿಂದಿಗಿಂತ 50 ಸಾವಿರ ಹೆಚ್ಚು ಬಾಕಿ ಇಟ್ಟಿದ್ದೀರಿ, ಅಷ್ಟು ನಿಮ್ಮ ಕೈಯಲ್ಲಿ ಉಳಿದಿದೆ. ಅದನ್ನು ಕಳೆದರೆ ಹನ್ನೊಂದು. ಬರಬೇಕಿದ್ದ ಏಳೂವರೆಯಿಂದ ಹನ್ನೊಂದನ್ನು ಕಳೆಯಿರಿ. ದಿನದಿನದ ವ್ಯವಹಾರವೇ ಮೂರೂವರೆ ಲಕ್ಷ ತಿಂದಿದೆ. ಲಾಭ ಮಾಡಿದ ವರ್ಷದಲ್ಲೇ.

ಮಿಕ್ಕಿದ್ದು ಬೇಗ ಹೇಳಿ ಮುಗಿಸುತ್ತೇನೆ. ಹೊಸ ಪ್ರೆಸ್ಸು ಆರು ಲಕ್ಷ, ಸಾಲ ಸಿಕ್ಕಿದ್ದು ನಾಲ್ಕೂವರೆ. ಉಳಿದ ಒಂದೂವರೆ ಕೈಯಿಂದ ಹೋಯಿತು. ಸಾಲದ ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚಿನಲ್ಲಿ ಬರುತ್ತದೆ. ಅಸಲು ತೀರಿಸಿದ 1.2 ಲಕ್ಷ ಲಾಭ ನಷ್ಟದ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ. ಮನೆ ಖರ್ಚಿಗೆ ತೆಗೆದ ಮೂರು ಲಕ್ಷವೂ ಕಾಣುವುದಿಲ್ಲ, ಏಕೆಂದರೆ ಮಾಲೀಕ ತೆಗೆದುಕೊಂಡದ್ದು ಘಟಕದ ಖರ್ಚಲ್ಲ. ಮೂರೂವರೆ, ಒಂದೂವರೆ, 1.2, ಮೂರು. ಕೂಡಿಸಿದರೆ 9.2 ಲಕ್ಷ. ತಾಳೆ ಆಯಿತು.

ಮನೆಗೆ ತಿಂಗಳಿಗೆ 25 ಸಾವಿರ ತೆಗೆದದ್ದು ತಪ್ಪು ಅಂತ ನಿಮಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ದಿನವಿಡೀ ದುಡಿಯುವವರಿಗೆ ಅದು ಕಡಿಮೆಯೇ. ಯಂತ್ರಕ್ಕೆ ಕೈಯಿಂದ ಹಾಕಿದ ಒಂದೂವರೆ ಲಕ್ಷ ಮಾತ್ರ ನನಗೆ ಇಷ್ಟವಾಗಲಿಲ್ಲ. ವರ್ಷಗಟ್ಟಲೆ ದುಡಿಯುವ ಯಂತ್ರಕ್ಕೆ ದಿನದ ಹಾಳೆ, ಕೂಲಿಯ ದುಡ್ಡು ಹಾಕಬಾರದು. ಯಂತ್ರದ ಸಾಲವನ್ನೇ ಸ್ವಲ್ಪ ಜಾಸ್ತಿ ಕೇಳಬೇಕಿತ್ತು.

ಇದು ಹಿಂದಿನ ವರ್ಷದ ಕತೆ. ನಿಮ್ಮ ನಿಜವಾದ ಕಷ್ಟ ಮುಂದಿನ ಎರಡು ತಿಂಗಳಲ್ಲಿದೆ. ಅದಕ್ಕೆ ಒಂದು ಕಾಗದ ತೆಗೆದುಕೊಳ್ಳಿ. ಏಪ್ರಿಲ್, ಮೇ, ಜೂನ್ ಅಂತ ಮೂರು ಸಾಲು ಎಳೆಯಿರಿ. ಬಿಲ್ ಮರೆತುಬಿಡಿ, ಲಾಭ ಮರೆತುಬಿಡಿ. ಆ ತಿಂಗಳು ಕೈಗೆ ಬರುವ ದುಡ್ಡು, ಕೈಯಿಂದ ಹೋಗುವ ದುಡ್ಡು, ಇವೆರಡನ್ನು ಮಾತ್ರ ಬರೆಯಿರಿ.

ಬರುವುದು: 90 ದಿನದ ಉದ್ರಿಯಾದ್ದರಿಂದ ಏಪ್ರಿಲ್‌ನಲ್ಲಿ ಜನವರಿಯ ಬಿಲ್, 3.5 ಲಕ್ಷ. ಮೇಯಲ್ಲಿ ಫೆಬ್ರವರಿಯದು, 4 ಲಕ್ಷ. ಜೂನ್‌ನಲ್ಲಿ ಮಾರ್ಚ್‌ನದು, 4.5 ಲಕ್ಷ. ಈ ಏಪ್ರಿಲ್, ಮೇ ಮದುವೆಗಳಿಗೆ ನೀವು ಎಷ್ಟೇ ತಟ್ಟೆ ಕಳಿಸಿದರೂ ಅದರ ದುಡ್ಡು ಜುಲೈ ಮುಂಚೆ ಬರುವುದಿಲ್ಲ.

ಹೋಗುವುದು: ಕೂಲಿ, ಗ್ಯಾಸು, ಕರೆಂಟು, ಪ್ಯಾಕಿಂಗ್, ಲಾರಿ, ಬಾಡಿಗೆ, ಕಂತು, ಮನೆ ಖರ್ಚು ಎಲ್ಲ ಸೇರಿ ತಿಂಗಳಿಗೆ ಎರಡೂವರೆ ಲಕ್ಷ. ಅದರ ಮೇಲೆ ಹಾಳೆ. ನಿಮ್ಮ ಯೋಜನೆ ಪ್ರಕಾರ ಏಪ್ರಿಲ್‌ನಲ್ಲಿ 3.5, ಮೇಯಲ್ಲಿ 3, ಜೂನ್ ಮೊದಲ ವಾರ 50 ಸಾವಿರ.

ಈಗ ಕಳೆಯುತ್ತಾ ಬನ್ನಿ. ಏಪ್ರಿಲ್‌ನಲ್ಲಿ ಬರುವುದು 3.5, ಹೋಗುವುದು 6. ಇರುವ 20 ಸಾವಿರವೂ ಮುಗಿದು 2.3 ಲಕ್ಷ ಕೊರತೆ. ಮೇಯಲ್ಲಿ ಬರುವುದು 4, ಹೋಗುವುದು 5.5. ಕೊರತೆ 3.8 ಲಕ್ಷಕ್ಕೆ ಏರಿತು. ಜೂನ್‌ನಲ್ಲಿ ಬರುವುದು 4.5, ಹೋಗುವುದು 3, ಆಗ ಕೊರತೆ ಮತ್ತೆ 2.3ಕ್ಕೆ ಇಳಿಯುತ್ತದೆ. ಜುಲೈ ಕೊನೆಗೆ ಹೆಚ್ಚು ಕಮ್ಮಿ ಸರಿಹೋಗುತ್ತದೆ. ಅಂದರೆ ನೀವು ಮುಳುಗುತ್ತಿಲ್ಲ. ಮೇ ಕೊನೆಗೆ 3.8 ಲಕ್ಷ ಆಳದ ಒಂದು ಹೊಂಡ ಇದೆ, ಅದನ್ನು ದಾಟಬೇಕು ಅಷ್ಟೆ. ಆದರೆ ದಾಟಲಾಗದೆ ಏಪ್ರಿಲ್‌ನಲ್ಲೇ ಒಂದು ಚೆಕ್ ವಾಪಸ್ ಬಂದರೆ, ಎರಡು ವಾರ ಬಟವಾಡೆ ತಪ್ಪಿ ಪ್ರೆಸ್ಸಿನ ಹೆಂಗಸರು ಬೇರೆ ಕೆಲಸ ಹುಡುಕಿಕೊಂಡರೆ, ಜುಲೈನಲ್ಲಿ ದುಡ್ಡು ಬಂದು ಪ್ರಯೋಜನ ಇಲ್ಲ. ಲಾಭದ ಘಟಕಗಳು ಮುಚ್ಚುವುದು ಇಂಥ ಎರಡು ತಿಂಗಳಲ್ಲೇ.

ಈಗ ಆ ಹಾಳೆಯ ಅಂಕಿಯನ್ನೇ ಮತ್ತೆ ನೋಡಿ. ಹೊಂಡದ ಹೆಚ್ಚು ಭಾಗ ಅಲ್ಲೇ ಇದೆ. ವರ್ಷಕ್ಕೆ 16 ಲಕ್ಷದ ಹಾಳೆ ಬಳಸುತ್ತೀರಿ, ಅಂದರೆ ತಿಂಗಳಿಗೆ ಸುಮಾರು 1.33 ಲಕ್ಷ. ಜೂನ್‌ನಿಂದ ಜನವರಿವರೆಗೆ ಎಂಟು ತಿಂಗಳಿಗೆ ಸಾಕಾಗುವಷ್ಟು ಎಂದರೆ 10.7 ಲಕ್ಷದ್ದು. ಅಷ್ಟರಲ್ಲಿ ಹೊಸ ಹಾಳೆ ಬರಲು ಶುರುವಾಗಿರುತ್ತದೆ. ಈಗಲೇ ಗೋಡೌನಿನಲ್ಲಿ ಹತ್ತು ಲಕ್ಷದ್ದು ಇದೆ. ಏಪ್ರಿಲ್, ಮೇ ಬಳಕೆಗೆ 2.7 ಹೋಗುತ್ತದೆ. ನೀವು ಇನ್ನೂ ಏಳು ಲಕ್ಷದ್ದು ಕೊಂಡರೆ ಮಳೆ ಶುರುವಾಗುವಾಗ 14 ಲಕ್ಷಕ್ಕೂ ಮೇಲೆ ಇರುತ್ತದೆ. ಮೂರೂವರೆ ಲಕ್ಷದ್ದು ಕೊಂಡರೆ ಸಾಕಿತ್ತು.

ಏಕೆ ಜಾಸ್ತಿ ಕೊಳ್ಳುತ್ತೀರಿ ಎಂದು ನನಗೆ ಗೊತ್ತು. ಯಾವುದೋ ಒಂದು ಮಳೆಗಾಲದಲ್ಲಿ ಹಾಳೆ ಇಲ್ಲದೆ ಪ್ರೆಸ್ಸು ನಿಂತಿರುತ್ತದೆ, ಆ ಹೆದರಿಕೆ ಹೋಗುವುದಿಲ್ಲ. ಮನೆ ಬಾಗಿಲಿಗೆ ಹಾಳೆ ತಂದವರನ್ನು ವಾಪಸ್ ಕಳಿಸಲೂ ಮನಸ್ಸು ಬರುವುದಿಲ್ಲ. ಆದರೂ ಲೆಕ್ಕ ಹಾಕಿ. ಏಪ್ರಿಲ್‌ನಲ್ಲಿ ಎರಡು, ಮೇಯಲ್ಲಿ ಒಂದೂವರೆ ಲಕ್ಷದ ಹಾಳೆ ಮಾತ್ರ ಕೊಂಡರೆ ಅದೇ ಕಾಗದದಲ್ಲಿ ಏಪ್ರಿಲ್ ಕೊನೆಯ ಕೊರತೆ 80 ಸಾವಿರ. ಮೇಯಲ್ಲೂ ಅಷ್ಟೆ. ಜೂನ್ ಕೊನೆಗೆ ಕೈಯಲ್ಲಿ 1.2 ಲಕ್ಷ ಉಳಿಯುತ್ತದೆ. ಕೆಟ್ಟುಹೋಗುವುದಕ್ಕೆ, ಮಳೆ ಬೇಗ ಬರುವುದಕ್ಕೆ ಅಂತ ಇನ್ನೂ ಒಂದು ಲಕ್ಷದ್ದು ಹೆಚ್ಚಿಗೆ ಇಟ್ಟುಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ಆಗಲೂ ಹೊಂಡ 1.8 ಲಕ್ಷ ದಾಟುವುದಿಲ್ಲ. ತೋಟದವರು ಕೈಬಿಟ್ಟು ಹೋಗದಂತೆ ಎಲ್ಲರ ಹತ್ತಿರವೂ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳಿ. ಕೆಟ್ಟ ಹಾಳೆ ಬಿಚ್ಚಿ ನೋಡಿ ಎಂದು ಮೇಲೆ ಹೇಳಿದ್ದು ಇದಕ್ಕೂ ಬೇಕು. ಹತ್ತು ಲಕ್ಷ ಎಂದು ಬರೆದದ್ದು ನಿಜವಾಗಿ ಎಂಟೇ ಆಗಿದ್ದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ.

ಇನ್ನು 50 ಸಾವಿರ ತಟ್ಟೆಯ ಆರ್ಡರ್. ಒಂದು ತಟ್ಟೆಗೆ ಹಾಳೆ 1.60, ಕೂಲಿ, ಗ್ಯಾಸು, ಕರೆಂಟು, ಪ್ಯಾಕಿಂಗ್, ಸಾಗಣೆ ಸೇರಿ 2.25. ಒಟ್ಟು 3.85 ರೂಪಾಯಿ. ಬಾಡಿಗೆ, ಬಡ್ಡಿ ಈಗಲೂ ಕಟ್ಟುತ್ತಿದ್ದೀರಿ, ಹೊಸದಾಗಿ ಬೀಳುವುದಿಲ್ಲ. 4.80ಕ್ಕೆ ಮಾರಿದರೆ ತಟ್ಟೆಗೆ 95 ಪೈಸೆ, ತಿಂಗಳಿಗೆ 47,500 ರೂಪಾಯಿ ಲಾಭ. ಕಾಗದದ ಮೇಲೆ ಬಿಡುವಂಥ ಆರ್ಡರ್ ಅಲ್ಲ.

ಈಗ ದುಡ್ಡಿನ ದಾರಿ. ಈ ಆರ್ಡರ್‌ಗೆ ತಿಂಗಳಿಗೆ 80 ಸಾವಿರದ ಹಾಳೆ ಬೇಕು. ಮಳೆಗಾಲದಲ್ಲಿ ಕೊಳ್ಳಲು ಸಿಗುವುದಿಲ್ಲ. ಜೂನ್‌ನಿಂದ ಜನವರಿವರೆಗಿನ 6.4 ಲಕ್ಷದ ಹಾಳೆಯನ್ನು ಈಗಲೇ, ಮೇ ಮುಗಿಯುವುದರೊಳಗೆ ಕೊಳ್ಳಬೇಕು. ಮೇಲೆ ಕೂಲಿ ಇತ್ಯಾದಿಗೆ ತಿಂಗಳಿಗೆ 1.12 ಲಕ್ಷ. ಜೂನ್‌ನಲ್ಲಿ ಶುರು ಮಾಡಿ 90 ದಿನ ಉದ್ರಿ ಕೊಟ್ಟರೆ ಮೊದಲ ಬಿಲ್ಲಿನ ದುಡ್ಡು ಬರುವುದರೊಳಗೆ ಇನ್ನೂ 3.4 ಲಕ್ಷ. ಒಟ್ಟು ಹತ್ತು ಲಕ್ಷದ ಹತ್ತಿರ ಹೂಡಬೇಕು. ಅದೂ 20 ಸಾವಿರ ಉಳಿದಿರುವ ಖಾತೆಯಿಂದ. ಈ ಆರ್ಡರ್ ಒಪ್ಪಿಕೊಂಡರೆ ಸರಿಹೋಗುವುದಿಲ್ಲ, ಈಗಿರುವ ಘಟಕವೂ ನಿಂತುಹೋಗುತ್ತದೆ.

ಹಾಗಂತ ಬೇಡ ಅನ್ನಬೇಡಿ. ಫೆಬ್ರವರಿಯಿಂದ ಕೊಡುತ್ತೇನೆ ಅನ್ನಿ. ಆಗ ಹೊಸ ಹಾಳೆ ಆ ತಿಂಗಳಿನದು ಆ ತಿಂಗಳೇ ಸಿಗುತ್ತದೆ, ಎಂಟು ತಿಂಗಳಿನದು ಒಟ್ಟಿಗೆ ಕೊಳ್ಳಬೇಕಿಲ್ಲ. 45 ದಿನಕ್ಕೆ ದುಡ್ಡು ಅನ್ನುವ ಷರತ್ತು ಹಾಕಿದರೆ ಮೂರು ಲಕ್ಷದೊಳಗೆ ನಡೆಯುತ್ತದೆ. ಮಳೆಗಾಲದಲ್ಲೇ ಬೇಕು ಅಂದರೆ ಹಾಳೆಯ ದುಡ್ಡು ಮುಂಗಡ ಕೊಡಲಿ. ಅವನಿಗೂ ಮಾಲು ಬೇಕು, ಕೇಳುವುದರಲ್ಲಿ ತಪ್ಪೇನಿಲ್ಲ.

45 ದಿನ ಎಂದು ನಾನು ಸುಮ್ನೆ ಹೇಳಿದ್ದಲ್ಲ. ಸಣ್ಣ ಕೈಗಾರಿಕೆಗಳ 2006ರ ಕಾಯ್ದೆ ಪ್ರಕಾರ ನಿಮ್ಮಂಥ ಅತಿ ಸಣ್ಣ ಘಟಕದಿಂದ ಮಾಲು ಕೊಂಡವರು ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ಆದರೆ ದೂರು ಕೊಟ್ಟ ಮೇಲೆ ಆ ವ್ಯಾಪಾರಿ ಮತ್ತೆ ಮಾಲು ಕೊಳ್ಳುತ್ತಾನೆ ಎಂದು ನಂಬಬೇಡಿ. ಅದು ಕೊನೆಯ ಅಸ್ತ್ರ.

ಅದಕ್ಕಿಂತ ಉಪಯೋಗಕ್ಕೆ ಬರುವುದು ಆದಾಯ ತೆರಿಗೆಯ ನಿಯಮ. 2023-24ರ ಲೆಕ್ಕ ವರ್ಷದಿಂದ, ಈ ಅವಧಿಯೊಳಗೆ ದುಡ್ಡು ಕೊಡದ ಖರೀದಿಯನ್ನು ವ್ಯಾಪಾರಿ ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲೇ ತೋರಿಸಬೇಕು. ಅವಧಿ ಮೀರಿದ ಬಾಕಿ ಮಾರ್ಚ್ 31 ದಾಟಿತೋ, ಅಷ್ಟು ಮೊತ್ತ ಅವನ ಆ ವರ್ಷದ ಲಾಭಕ್ಕೆ ಸೇರಿ ತೆರಿಗೆ ಬೀಳುತ್ತದೆ. ಇದು ನಿಮ್ಮ ಬಾಯಿಂದ ಬಂದರೆ ಜಗಳ, ಅವರ ಆಡಿಟರ್ ಬಾಯಿಂದ ಬಂದರೆ ಚೆಕ್ ಬರುತ್ತದೆ. ಆದ್ದರಿಂದ ಸಣ್ಣ ಘಟಕಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಅಚ್ಚು ಹಾಕಿಸಿ, ನೀವು ತಯಾರಕರು ಎಂದೂ ಬರೆಯಿಸಿ. ನೋಂದಣಿ ಆಗಿಲ್ಲದಿದ್ದರೆ ಆನ್‌ಲೈನ್‌ನಲ್ಲಿ ಮಾಡಿಸಿ. ಅದಕ್ಕೆ ಶುಲ್ಕ ಇಲ್ಲ, ಯಾರಾದರೂ ಸಾವಿರ ಎರಡು ಸಾವಿರ ಕೇಳಿದರೆ ಕೊಡಬೇಡಿ. ಒಂದು ಮಿತಿ ಇದೆ: ಪುಸ್ತಕ ಇಡದೆ ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಚಿಕ್ಕ ಅಂಗಡಿಯವರಿಗೆ ಈ ನಿಯಮದ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ನಿಮ್ಮ ಬೆಂಗಳೂರಿನ ವ್ಯಾಪಾರಿಗೆ ತಟ್ಟುತ್ತದೆ.

ಬೇಗ ಕೊಟ್ಟರೆ ರಿಯಾಯಿತಿ ಕೊಡಬಹುದಾ ಎಂದರೆ, ಶೇ. 2ರವರೆಗೆ ಕೊಡಬಹುದು. 90 ದಿನಕ್ಕೆ ಬರುವುದು 15 ದಿನಕ್ಕೆ ಬಂದರೆ 75 ದಿನ ಉಳಿಯಿತು. 75 ದಿನಕ್ಕೆ ಶೇ. 2 ಎಂದರೆ ವರ್ಷಕ್ಕೆ ಹತ್ತರ ಹತ್ತಿರ, ಹೆಚ್ಚು ಕಮ್ಮಿ ಬ್ಯಾಂಕಿನ ಬಡ್ಡಿಯಷ್ಟೇ. ಶೇ. 3ಕ್ಕೆ ಹೋದರೆ ವರ್ಷಕ್ಕೆ ಹದಿನೈದರ ಹತ್ತಿರ ಆಗುತ್ತದೆ, ಅದಕ್ಕಿಂತ ಸಿಸಿ ಸಾಲವೇ ಅಗ್ಗ.

ಜಿಎಸ್‌ಟಿ ಬೀಳುವ ಸರಕು ಮಾರುವ ಓದುಗರಿಗೆ ಒಂದು ಮಾತು. ಮೇಲಿನ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ. ತಿಂಗಳು ತಿಂಗಳು ರಿಟರ್ನ್ ಹಾಕುವವರು ಬಿಲ್ಲಿನ ತೆರಿಗೆಯನ್ನು ಮುಂದಿನ ತಿಂಗಳ 20ಕ್ಕೆ ಕಟ್ಟಬೇಕು. ವ್ಯಾಪಾರಿ 90 ದಿನಕ್ಕೆ ಕೊಟ್ಟರೆ ಅವನ ತೆರಿಗೆಯನ್ನೂ ನೀವೇ ಎರಡು ತಿಂಗಳು ಹೊತ್ತಂತೆ. ನಿಮ್ಮ ಕಾಗದದಲ್ಲಿ ಅದಕ್ಕೆ ಬೇರೆ ಸಾಲು ಬೇಕು.

ಕೊನೆಗೆ ಬ್ಯಾಂಕು. ನಿಮ್ಮ ಏಳು ಲಕ್ಷದ ಮಿತಿ ಎಲ್ಲಿಂದ ಬಂತು ಗೊತ್ತಾ? ಸಣ್ಣ ಘಟಕಗಳಿಗೆ ಬ್ಯಾಂಕುಗಳು ಬಳಸುವ ಒಂದು ಸೂತ್ರ ಇದೆ. 1990ರ ದಶಕದ ಆರಂಭದ ನಾಯಕ್ ಸಮಿತಿಯಿಂದ ಬಂದದ್ದು. ಮುಂದಿನ ವರ್ಷ ಆಗಬಹುದಾದ ವ್ಯಾಪಾರದ ಶೇ. 25ರಷ್ಟು ದುಡ್ಡು ದಿನದ ವ್ಯವಹಾರಕ್ಕೆ ಬೇಕು, ಅದರಲ್ಲಿ ಶೇ. 20 ಬ್ಯಾಂಕ್ ಕೊಡುತ್ತದೆ, ಶೇ. 5 ನೀವು ಹಾಕಬೇಕು. 36 ಲಕ್ಷಕ್ಕೆ ಶೇ. 20 ಎಂದರೆ 7.2. ಅದೇ ನಿಮ್ಮ ಏಳು. ವ್ಯಾಪಾರ 48 ಆದ ಮೇಲೂ ಮಿತಿ ಹಳೆಯದೇ ಉಳಿದಿದೆ, ನೀವು ಕೇಳಿಲ್ಲ. 48ಕ್ಕೆ 9.6 ಲಕ್ಷ ಬರಬೇಕು. ಹೊಸ ಮಿತಿ ಸಿಕ್ಕರೆ 2.6 ಲಕ್ಷ ಹೆಚ್ಚಾಯಿತು. ಹಾಳೆ ಕಡಿಮೆ ಕೊಂಡರೆ ಬರುವ 1.8 ಲಕ್ಷದ ಹೊಂಡಕ್ಕೆ ಅದು ಸಾಕು. 3.8ರ ಹೊಂಡಕ್ಕೆ ಸಾಲದು.

ಈ ಸೂತ್ರ ನಿಮ್ಮ ಕಸುಬಿಗೆ ಸರಿಯಾಗಿ ಹೊಂದುವುದಿಲ್ಲ. ಶೇ. 25 ಎಂದರೆ ವರ್ಷದ ಕಾಲು ಭಾಗ. ಹಾಕಿದ ದುಡ್ಡು ಮೂರು ತಿಂಗಳಲ್ಲಿ ತಿರುಗಿ ಬರುತ್ತದೆ ಎಂದು ಅದು ಎಣಿಸುತ್ತದೆ. ನಿಮ್ಮ ಹಾಳೆಯ ದುಡ್ಡು ತಿರುಗಲು ಒಂಬತ್ತು ತಿಂಗಳು ಹಿಡಿಯುತ್ತದೆ. 48ರ ಕಾಲು 12 ಲಕ್ಷ, ಆದರೆ ಈಗ ಹಾಳೆ ಮತ್ತು ಬಾಕಿಯಲ್ಲಿ ನಿಂತಿರುವುದು 20 ಲಕ್ಷಕ್ಕೂ ಮೇಲೆ. ಇದನ್ನು ಮ್ಯಾನೇಜರಿಗೆ ಬಿಡಿಸಿ ಹೇಳಬೇಕು. ಹಂಗಾಮಿನ ಖರೀದಿಗೆ ಕೆಲವು ತಿಂಗಳ ಮಟ್ಟಿಗೆ ಹೆಚ್ಚಿನ ಮಿತಿ ಕೊಡುವ ಅವಕಾಶ ಬ್ಯಾಂಕುಗಳಿಗೆ ಇದೆ, ಆದರೆ ಕೇಳದೆ ಅವರಾಗಿ ಕೊಡುವುದಿಲ್ಲ.

ಜೊತೆಗೆ ಒಂದು ಎಚ್ಚರ. ಮಿತಿ ಎಷ್ಟೇ ಇದ್ದರೂ ಎಳೆಯಲು ಸಿಗುವುದು ನೀವು ಕೊಡುವ ದಾಸ್ತಾನು, ಬಾಕಿ ಪಟ್ಟಿಯ ಮೇಲೆ. ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಬ್ಯಾಂಕು ಎಣಿಸುವುದಿಲ್ಲ. ನಿಮ್ಮ ವ್ಯಾಪಾರಿ ಸರಿಯಾಗಿ ಆ ಗೆರೆಯ ಮೇಲೆ ನಿಂತಿದ್ದಾನೆ. ಅವನು ಇನ್ನೂ ಹತ್ತು ಹದಿನೈದು ದಿನ ಎಳೆದರೆ ಒಂದೊಂದೇ ಬಿಲ್ ಪಟ್ಟಿಯಿಂದ ಕಳಚಿಕೊಳ್ಳುತ್ತದೆ. ತೀರಾ ಕೆಟ್ಟು ಬಾಕಿ ಯಾವುದೂ ಲೆಕ್ಕಕ್ಕೆ ಬರದಿದ್ದರೆ ಉಳಿಯುವುದು ಹಾಳೆ ಮಾತ್ರ. ಹತ್ತು ಲಕ್ಷದಲ್ಲಿ ನೀವು ಕೊಡಬೇಕಾದ 1.3 ಕಳೆದು, ಅದರ ಮೇಲೆ ಕಾಲು ಭಾಗ ಬ್ಯಾಂಕು ಹಿಡಿದಿಟ್ಟರೆ 6.5 ಲಕ್ಷ. ನೀವು ಈಗಾಗಲೇ 6.8 ಎಳೆದಿದ್ದೀರಿ. ಏಳು ಲಕ್ಷದ ಮಿತಿ ಇದ್ದೂ ಖಾತೆ ಮಿತಿ ಮೀರಿದಂತೆ ಆಗುತ್ತದೆ. ವ್ಯಾಪಾರಿ ತಡ ಮಾಡಿದಾಗಲೇ ಬ್ಯಾಂಕಿನ ದಾರಿಯೂ ಕಿರಿದಾಗುವುದು ಹೀಗೆ.

ಹಾಗಾಗಿ ಜನವರಿಯ ಬಿಲ್ಲುಗಳ 3.5 ಲಕ್ಷಕ್ಕೆ ಇವತ್ತೇ ಫೋನ್ ಮಾಡಿ. ಬ್ಯಾಂಕಿಗೆ ಏಪ್ರಿಲ್ ಎರಡನೇ ವಾರದೊಳಗೆ ಹೋಗಿ, ಹಾಳೆ ತರುವವರ ಸಾಲು ಶುರುವಾಗುವ ಮೊದಲು. ಕೈಯಲ್ಲಿ ಮೂರು ಕಾಗದ ಇರಲಿ: ಆಡಿಟ್ ಆದ ಎರಡು ವರ್ಷದ ಲೆಕ್ಕ, ಯಾರ ಬಾಕಿ ಎಷ್ಟು ದಿನದ್ದು ಎಂಬ ಪಟ್ಟಿ, ಮತ್ತು ತಿಂಗಳಿಗೊಂದು ಸಾಲಿನಂತೆ ಬರೆದ ಆ ಕಾಗದ, ಜುಲೈವರೆಗೆ. ಎಷ್ಟು ಬೇಕು, ಯಾವ ತಿಂಗಳು ವಾಪಸ್ ಎಂದು ಮೂರನೆಯ ಕಾಗದದಲ್ಲೇ ಇರುವುದರಿಂದ ಮ್ಯಾನೇಜರ್ ಮೊದಲು ಕೇಳುವುದು ಅದನ್ನೇ.